ಸ್ಫೋಟ ತಗ್ಗಲಿ, ಮಾತು ಕೇಳಲಿ

ರಾತ್ರಿ ಊಟ ಮುಗಿದ ಮೇಲೆ ಪ್ಲೇಸ್ಟೇಷನ್ನೋ ಎಕ್ಸ್‌ಬಾಕ್ಸೋ ಆನ್ ಮಾಡುವವರ ಪಕ್ಕದಲ್ಲಿ ಟಿವಿ ರಿಮೋಟ್ ಕೂಡ ಇದ್ದೇ ಇರುತ್ತದೆ. ಪಾತ್ರಗಳು ಮಾತಿಗೆ ನಿಂತಾಗ ಸದ್ದು ಏರಿಸಬೇಕು, ಗುಂಡಿನ ಕಾಳಗ ಶುರುವಾದ ಕೂಡಲೇ ಇಳಿಸಬೇಕು. ಒಂದು ಸಲ ಇಳಿಸುವುದು ತಡವಾದರೂ ಸಾಕು, ಮಲಗಿದ್ದ ಮಗು ಎದ್ದು ಕೂರುತ್ತದೆ. ಆಮೇಲೆ ಸದ್ದನ್ನು ಪೂರ್ತಿ ತಗ್ಗಿಸಿ, ಸಬ್‌ಟೈಟಲ್ ಓದಿಕೊಂಡು ಆಡುವುದೇ ಗತಿ ಎಂದು ಬಹಳ ಜನ ಒಪ್ಪಿಕೊಂಡುಬಿಟ್ಟಿದ್ದಾರೆ.

ಹಾಗೆ ಒಪ್ಪಿಕೊಳ್ಳಬೇಕಾಗಿಲ್ಲ. ಸದ್ದಿನ ಮೆನು ತೆರೆದರೆ ಅನೇಕ ಆಟಗಳಲ್ಲಿ Dynamic Range, Night Mode, Midnight Mode ಎಂಬ ಯಾವುದಾದರೊಂದು ಹೆಸರಿನ ಸೆಟ್ಟಿಂಗ್ ಸಿಗುತ್ತದೆ. ಓವರ್‌ವಾಚ್ ಆಟದಲ್ಲಿ ಅದರ ಹೆಸರು Night Mode ಎಂದೇ ಇದೆ. ಸೌಂಡ್‌ಬಾರಿನ ರಿಮೋಟಿನಲ್ಲೂ ಇಂಥದೇ ಒಂದು ಬಟನ್ ಇರುತ್ತದೆ, ಟಿವಿಯ ಮೆನುವಿನಲ್ಲೂ ಇರುತ್ತದೆ. ತೊಡಕು ಇರುವುದೇ ಇಲ್ಲಿ. ಒಂದೇ ಕೆಲಸಕ್ಕೆ ಮೂರು ಕಡೆ ಮೂರು ಸ್ವಿಚ್ಚುಗಳಿದ್ದು, ಯಾವುದು ಏನು ಮಾಡುತ್ತದೆಂದು ತಿಳಿಯದೆ ಮೂರನ್ನೂ ಹಾಕಿದರೆ ಸದ್ದು ಕೆಡುತ್ತದೆ. ಕೆಟ್ಟಿತೆಂದು ಮೂರನ್ನೂ ತೆಗೆದರೆ ಮತ್ತೆ ರಿಮೋಟ್ ಕೈಗೆ ಬರುತ್ತದೆ.

ಮೊದಲು ತೊಂದರೆಯನ್ನು ಅಳತೆಯಲ್ಲಿ ನೋಡೋಣ. ಒಂದು ಮೀಟರ್ ದೂರದಲ್ಲಿ ಕೂತವರ ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್ ಇರುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ 10 ಏರಿದರೆ ನಮ್ಮ ಕಿವಿಗೆ ಸದ್ದು ಹೆಚ್ಚುಕಡಿಮೆ ಎರಡು ಪಟ್ಟಾದಂತೆ ಕೇಳುತ್ತದೆ. ಒಂದು ಆಟದಲ್ಲಿ ಮಾತಿಗಿಂತ ಸ್ಫೋಟ 24 ಡೆಸಿಬೆಲ್ ಹೆಚ್ಚಿದೆ ಎಂದಿಟ್ಟುಕೊಳ್ಳಿ. ಕಿವಿಗೆ ಅದು ಮಾತಿನ ಐದು ಪಟ್ಟಿಗೂ ಮಿಕ್ಕ ಸದ್ದು. ಹಗಲಲ್ಲಿ, ದೊಡ್ಡ ಹಾಲಿನಲ್ಲಿ, ಇದೇ ಆಟದ ಮಜಾ. ಪಿಸುಮಾತು ಪಿಸುಮಾತಾಗಿಯೇ ಇರುತ್ತದೆ, ಬಾಂಬು ಬಿದ್ದಾಗ ಎದೆ ನಡುಗುತ್ತದೆ. ಅತಿ ಮೆಲ್ಲಗಿನ ಸದ್ದಿಗೂ ಅತಿ ಜೋರಿನ ಸದ್ದಿಗೂ ನಡುವಿನ ಈ ಅಂತರವನ್ನೇ ಡೈನಾಮಿಕ್ ರೇಂಜ್ ಅನ್ನುವುದು.

ಈ ಅಂತರ ಯಾರದೋ ಅಜಾಗರೂಕತೆಯಿಂದ ಆದದ್ದಲ್ಲ. ಆಟಗಳ ಸದ್ದು ಸರಾಸರಿ ಎಷ್ಟಿರಬೇಕೆಂದು ಸೋನಿಯ ಆಡಿಯೊ ತಂಡ ಒಂದು ಶಿಫಾರಸು ಮಾಡಿದೆ. ಮನೆಯ ಕನ್ಸೋಲಿಗೆ ಅದು ಮೈನಸ್ 24 ಎಲ್‌ಯುಎಫ್‌ಎಸ್, ಎರಡು ಅಂಕ ಆಚೀಚೆ ಆಗಬಹುದು. ಎಲ್‌ಯುಎಫ್‌ಎಸ್ ಅಂದರೆ ಮನುಷ್ಯರ ಕಿವಿ ಯಾವ ಸ್ವರಕ್ಕೆ ಹೆಚ್ಚು ಸ್ಪಂದಿಸುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದು, ದೀರ್ಘ ಹೊತ್ತಿನ ಸರಾಸರಿ ಸದ್ದನ್ನು ಹೇಳುವ ಮಾನ. ಸೊನ್ನೆ ಅಂದರೆ ಯಂತ್ರ ಕೊಡಬಲ್ಲ ಗರಿಷ್ಠ ಮಟ್ಟ. ಕನಿಷ್ಠ ಅರ್ಧ ಗಂಟೆ ಆಡಿ ಅಳೆದಾಗ ಸರಾಸರಿ ಮೈನಸ್ 24ರ ಹತ್ತಿರ ಬರಬೇಕು, ಯಾವುದೇ ಕ್ಷಣದ ಶಿಖರ ಮೈನಸ್ 1ನ್ನು ದಾಟಬಾರದು ಎಂಬುದು ಶಿಫಾರಸಿನ ತಿರುಳು. ಅಂದರೆ ಸರಾಸರಿಯ ಮೇಲೆ ಸ್ಫೋಟಗಳಿಗೆಂದು 23 ಡೆಸಿಬೆಲ್‌ನಷ್ಟು ಜಾಗ ಬಿಟ್ಟಿರುತ್ತಾರೆ. ಕೈಯಲ್ಲಿ ಹಿಡಿದು ಆಡುವ ಪುಟ್ಟ ಕನ್ಸೋಲಿಗೆ ಅದೇ ಶಿಫಾರಸು ಮೈನಸ್ 18. ಬಸ್ಸಿನಲ್ಲಿ, ರೈಲಿನಲ್ಲಿ ಆಡುವವರ ಸುತ್ತ ಗದ್ದಲ ಇರುವುದರಿಂದ ಅಲ್ಲಿ ಸ್ಫೋಟಕ್ಕೆ ಬಿಟ್ಟ ಜಾಗವೂ ಕಡಿಮೆ. ಕೇಳುವ ಜಾಗ ಬದಲಾದರೆ ಈ ಅಂತರವೂ ಬದಲಾಗಬೇಕೆಂದು ಆಟ ಮಾಡುವವರಿಗೆ ಮೊದಲಿನಿಂದಲೂ ಗೊತ್ತಿದೆ. ಸದ್ದಿಲ್ಲದ ರಾತ್ರಿಯ ಮನೆಯೂ ಅಂಥದೇ ಒಂದು ಬೇರೆ ಜಾಗ.

ರಾತ್ರಿ ನಮ್ಮ ಮನೆಗಳಲ್ಲಿ ಆಗುವುದೇನು? ಮೇಲೆ ಫ್ಯಾನು ತಿರುಗುತ್ತಿರುತ್ತದೆ. ಅದರ ಸದ್ದು 45 ಡೆಸಿಬೆಲ್ ಎಂದು ಹಿಡಿಯೋಣ. ಮಾತು ತಿಳಿಯಬೇಕಾದರೆ ಅದು ಫ್ಯಾನಿಗಿಂತ ಹತ್ತಾದರೂ ಮೇಲಿರಬೇಕು, ಅಂದರೆ 55. ಹಾಗಾದರೆ ಸ್ಫೋಟ 79 ಆಗುತ್ತದೆ. ಮುಚ್ಚಿದ ಬಾಗಿಲಿನಾಚೆಗೂ ಇದು ಸರಾಗವಾಗಿ ಹೋಗುತ್ತದೆ. ಸ್ಫೋಟವೇ 62ಕ್ಕೆ ನಿಲ್ಲಲಿ ಎಂದು ರಿಮೋಟಿನಲ್ಲಿ ಇಳಿಸಿದರೆ ಮಾತು 38ಕ್ಕೆ ಬೀಳುತ್ತದೆ, ಫ್ಯಾನಿನ ಸದ್ದಿನ ಕೆಳಗೆ ಮುಳುಗಿಹೋಗುತ್ತದೆ. ವಾಲ್ಯೂಮ್ ಎರಡನ್ನೂ ಒಟ್ಟಿಗೆ ಇಳಿಸುತ್ತದೆಯೇ ಹೊರತು ನಡುವಿನ ಅಂತರವನ್ನು ಮುಟ್ಟುವುದಿಲ್ಲ. ಎಷ್ಟು ಸಲ ಬಟನ್ ಒತ್ತಿದರೂ ಈ ಲೆಕ್ಕ ಕೂಡಿಬರುವುದಿಲ್ಲ.

ಭಾರತದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಹಾಕಿರುವ ಮಿತಿ 45 ಡೆಸಿಬೆಲ್. ಅದು ಹೊರಗಿನ ವಾತಾವರಣದ ಸರಾಸರಿ ಸದ್ದಿಗೆ ಸಂಬಂಧಿಸಿದ್ದು, ನಮ್ಮ ಹಾಲಿನೊಳಗಿನ ಟಿವಿಗಲ್ಲ. ಆದರೂ ಮಲಗುವ ಹೊತ್ತಿನ ನೆರೆಹೊರೆ ಎಷ್ಟು ನಿಶ್ಶಬ್ದವಾಗಿರಬೇಕೆಂದು ನಿರೀಕ್ಷೆಯಿದೆ ಎಂಬುದಕ್ಕೆ ಅದೊಂದು ಅಂದಾಜು ಕೊಡುತ್ತದೆ. ಅಂಥ ನಿಶ್ಶಬ್ದದಲ್ಲಿ 79 ಎದ್ದು ಕೇಳುತ್ತದೆ.

ನೈಟ್ ಮೋಡ್ ಈ ಅಂತರವನ್ನೇ ಕುಗ್ಗಿಸುತ್ತದೆ. ಅದರೊಳಗಿರುವುದು ಕಂಪ್ರೆಸರ್ ಎಂಬ ಹಳೆಯ ಉಪಾಯ. ರೇಡಿಯೊ ಕೇಂದ್ರಗಳೂ ರೆಕಾರ್ಡಿಂಗ್ ಸ್ಟುಡಿಯೊಗಳೂ ಇದನ್ನು ಬಹುಕಾಲದಿಂದ ಬಳಸುತ್ತಿವೆ. ಕಂಪ್ರೆಸರಿಗೆ ಒಂದು ಗೆರೆ ಹಾಕಿಕೊಡುತ್ತಾರೆ. ಗೆರೆಯ ಕೆಳಗಿನ ಸದ್ದನ್ನು ಅದು ಹಾಗೆಯೇ ಬಿಡುತ್ತದೆ, ಗೆರೆ ದಾಟಿದ ಭಾಗವನ್ನು ಮಾತ್ರ ಒಂದು ಪ್ರಮಾಣದಲ್ಲಿ ತಗ್ಗಿಸುತ್ತದೆ. ನಮ್ಮ ಉದಾಹರಣೆಯಲ್ಲಿ ಗೆರೆಯನ್ನು ಮಾತಿಗಿಂತ ತುಸು ಮೇಲೆ, 57ರಲ್ಲಿ ಇಡೋಣ. ಪ್ರಮಾಣ ನಾಲ್ಕಕ್ಕೆ ಒಂದು. 55ರ ಮಾತು ಗೆರೆಯ ಕೆಳಗಿದೆ, ಅದಕ್ಕೇನೂ ಆಗುವುದಿಲ್ಲ. 79ರ ಸ್ಫೋಟ ಗೆರೆಗಿಂತ 22 ಮೇಲಿದೆ, ಆ 22 ನಾಲ್ಕನೇ ಒಂದಾಗಿ ಐದೂವರೆಗೆ ಇಳಿಯುತ್ತದೆ. ಸ್ಫೋಟ ಈಗ 62.5. ಮಾತಿಗೂ ಸ್ಫೋಟಕ್ಕೂ ಇದ್ದ 24ರ ಅಂತರ ಏಳೂವರೆಗೆ ಬಂತು. ರಿಮೋಟಿನಿಂದ ಆಗದೇ ಹೋದದ್ದು ಇದೇ. ಸ್ಫೋಟ ಸ್ಫೋಟವೇ ಎಂದು ಈಗಲೂ ಗೊತ್ತಾಗುತ್ತದೆ, ಆದರೆ ಅದು ಮಲಗಿದವರ ಕೋಣೆಗೆ ನುಗ್ಗುವುದಿಲ್ಲ.

ಕಂಪ್ರೆಸರ್ ಎಷ್ಟು ಬೇಗ ಒತ್ತುತ್ತದೆ, ಎಷ್ಟು ನಿಧಾನವಾಗಿ ಬಿಡುತ್ತದೆ ಎಂಬುದೂ ಮುಖ್ಯ. ಒತ್ತುವುದು ತಡವಾದರೆ ಸ್ಫೋಟದ ಮೊದಲ ಸಿಡಿತ ತಪ್ಪಿಸಿಕೊಂಡು ಹೋಗುತ್ತದೆ. ಬಿಡುವುದು ತಡವಾದರೆ ಸ್ಫೋಟ ಮುಗಿದ ಮೇಲೂ ಸದ್ದು ತಗ್ಗಿಯೇ ಇದ್ದು, ಆಗ ಆಡಿದ ಮಾತಿನ ಮೊದಲೆರಡು ಪದ ನುಂಗಿಹೋಗುತ್ತದೆ. ತೀರ ಬೇಗ ಬಿಟ್ಟರೆ ಸದ್ದು ಉಸಿರಾಡುವ ಹಾಗೆ ಏರುತ್ತ ಇಳಿಯುತ್ತ ಇರುತ್ತದೆ. ಆಟದ ಮೆನುವಿನಲ್ಲಿ ಈ ಹೊತ್ತುಗಳನ್ನು ನಮ್ಮ ಕೈಗೆ ಕೊಡುವುದಿಲ್ಲ. ಆದರೆ ಇವು ಇವೆಯೆಂದು ತಿಳಿದಿದ್ದರೆ ಮುಂದೆ ಸದ್ದು ಕೆಟ್ಟಾಗ ಎಲ್ಲಿ ಕೆಟ್ಟಿತೆಂದು ಹಿಡಿಯಬಹುದು.

ಇದೇ ಕಂಪ್ರೆಸರ್ ಆಟದಲ್ಲೂ ಇದೆ, ಸೌಂಡ್‌ಬಾರಿನಲ್ಲೂ ಇದೆ ಅಂದಮೇಲೆ ಯಾವುದನ್ನು ಹಾಕಬೇಕು? ಆಟದ್ದನ್ನೇ ಹಾಕಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಸೌಂಡ್‌ಬಾರಿಗೆ ತಲಪುವಷ್ಟರಲ್ಲಿ ಮಾತು, ಸಂಗೀತ, ಗುಂಡು, ಮಳೆ ಎಲ್ಲ ಕಲಸಿ ಒಂದೇ ಧಾರೆಯಾಗಿರುತ್ತವೆ. ಸ್ಫೋಟದ ನಡುವೆಯೇ ಯಾರೋ ‘ಓಡು, ಎಡಕ್ಕೆ ಓಡು’ ಎಂದು ಕೂಗಿದರೆ ಸೌಂಡ್‌ಬಾರ್ ಸ್ಫೋಟವನ್ನು ಒತ್ತುವ ಭರದಲ್ಲಿ ಕೂಗನ್ನೂ ಒತ್ತುತ್ತದೆ. ಎರಡನ್ನೂ ಬೇರ್ಪಡಿಸುವ ದಾರಿ ಅದಕ್ಕಿಲ್ಲ. ಹೆಚ್ಚೆಂದರೆ ಮಾತಿನ ಸ್ವರಗಳಿರುವ ಭಾಗವನ್ನು ಸ್ವಲ್ಪ ಮೇಲೆತ್ತಬಲ್ಲದು. ಸೌಂಡ್‌ಬಾರುಗಳಲ್ಲಿ Voice ಎಂಬ ಬಟನ್ ಹೆಚ್ಚಾಗಿ ಮಾಡುವುದು ಅದನ್ನೇ.

ಆಟದೊಳಗಿನ ಸ್ಥಿತಿ ಬೇರೆ. ಸಿನಿಮಾದ ಸದ್ದು ಸ್ಟುಡಿಯೊದಲ್ಲೇ ಸಿದ್ಧವಾಗಿ ಬಂದಿರುತ್ತದೆ. ಆಟದ ಸದ್ದು ನೀವು ಆಡುವ ಕ್ಷಣದಲ್ಲೇ ಕನ್ಸೋಲಿನೊಳಗೆ ಮಿಕ್ಸ್ ಆಗುತ್ತದೆ. ಮಾತಿಗೆ ಒಂದು ದಾರಿ, ಗುಂಡು ಬಾಂಬುಗಳಿಗೆ ಇನ್ನೊಂದು, ಸಂಗೀತಕ್ಕೆ ಮತ್ತೊಂದು ಎಂದು ಕೊನೆಯ ಹಂತದವರೆಗೂ ಅವು ಬೇರೆಬೇರೆಯಾಗಿಯೇ ಹರಿಯುತ್ತವೆ. ಹಾಗಾಗಿ ಆಟಕ್ಕೆ ಇದು ಮಾತು, ಇದು ಸ್ಫೋಟ ಎಂದು ಊಹಿಸುವ ಅಗತ್ಯವೇ ಇಲ್ಲ. ಪಾತ್ರ ಬಾಯಿ ತೆರೆದ ಕೂಡಲೇ ಸಂಗೀತವನ್ನೂ ಗುಂಡಿನ ಸದ್ದನ್ನೂ ತುಸು ಹಿಂದೆ ಸರಿಸಿ, ಮಾತು ಮುಗಿದ ಮೇಲೆ ಮೊದಲಿನ ಮಟ್ಟಕ್ಕೆ ತರುವುದು ಆಟಗಳಲ್ಲಿ ದಿನನಿತ್ಯದ ಕೆಲಸ. ನೈಟ್ ಮೋಡಿನಲ್ಲಿ ಮಾತನ್ನು ಮುಟ್ಟದೆ ಸ್ಫೋಟವನ್ನಷ್ಟೇ ತಗ್ಗಿಸುವುದು ಆಟಕ್ಕೆ ಸಾಧ್ಯ.

ಈ ದಾರಿಯಲ್ಲಿ ಒಂದು ದೊಡ್ಡ ಹೆಜ್ಜೆ ಇಟ್ಟದ್ದು ಸ್ವೀಡನ್ನಿನ ಡೈಸ್ ಸ್ಟುಡಿಯೊ. 2008ರ ಬ್ಯಾಟಲ್‌ಫೀಲ್ಡ್: ಬ್ಯಾಡ್ ಕಂಪನಿ ಆಟಕ್ಕೆ ಅವರು ಎಚ್‌ಡಿಆರ್ ಆಡಿಯೊ ಎಂಬ ವಿಧಾನ ಬಳಸಿದರು. ಅದರಲ್ಲಿ ಪ್ರತಿ ಸದ್ದಿಗೂ ಅದು ನಿಜಲೋಕದಲ್ಲಿ ಎಷ್ಟು ಜೋರಿರುತ್ತದೆ ಎಂಬ ಬೆಲೆ ಕೊಟ್ಟಿರುತ್ತಾರೆ. ಒಂದೊಂದು ಕ್ಷಣದಲ್ಲಿ ನಮಗೆ ಕೇಳಿಸುವುದು ಆ ಬೆಲೆಗಳ ಉದ್ದನೆಯ ಏಣಿಯಲ್ಲಿ ಒಂದು ಕಿಟಕಿಯಷ್ಟು ಭಾಗ ಮಾತ್ರ. ಸುತ್ತ ಮೌನವಿದ್ದರೆ ಕಿಟಕಿ ಕೆಳಗಿಳಿದು ಹುಲ್ಲಿನ ಸರಸರವೂ ಕೇಳುತ್ತದೆ. ಟ್ಯಾಂಕು ಗುಂಡು ಹಾರಿಸಿದರೆ ಕಿಟಕಿ ಮೇಲೇರಿ, ಹುಲ್ಲಿನ ಸದ್ದು ಅದರ ಕೆಳಗೆ ಮರೆಯಾಗುತ್ತದೆ. ಕತ್ತಲೆ ಕೋಣೆಯಿಂದ ಉರಿಬಿಸಿಲಿಗೆ ಬಂದಾಗ ಕಣ್ಣು ಹೊಂದಿಕೊಳ್ಳುವ ಬಗೆ ಇದು. ಟ್ಯಾಂಕಿನ ಸದ್ದು ಸ್ಪೀಕರಿನಲ್ಲಿ ನಿಜಕ್ಕೂ ಭಾರೀ ಜೋರಾಗಬೇಕಿಲ್ಲ, ಉಳಿದದ್ದು ಅಡಗಿದ್ದರಿಂದಲೇ ಅದು ದೊಡ್ಡದೆನಿಸುತ್ತದೆ. ಇಂಥ ಆಟಗಳಲ್ಲಿ ಡೈನಾಮಿಕ್ ರೇಂಜನ್ನು ಕಿರಿದು ಮಾಡಿದರೆ ಆ ಕಿಟಕಿಯನ್ನೇ ಕಿರಿದು ಮಾಡಿದಂತಾಗುತ್ತದೆ. ಬ್ಯಾಟಲ್‌ಫೀಲ್ಡ್ ಸರಣಿಯಲ್ಲಿ War Tapes ಎಂಬ ಆಯ್ಕೆಯೂ ಇದೆ. ಯುದ್ಧಭೂಮಿಯಲ್ಲಿ ಸಣ್ಣ ಕ್ಯಾಮೆರಾದಲ್ಲಿ ಹಿಡಿದ ವಿಡಿಯೊದ ಹಾಗೆ ಎಲ್ಲ ಸದ್ದೂ ಹತ್ತಿರ, ಒರಟು, ಒತ್ತಿದಂತೆ ಕೇಳಿಸುವ ಆಯ್ಕೆ ಅದು. ರೇಂಜ್ ಕಿರಿದಾಗಿದೆ ಎಂಬ ಒಂದೇ ಕಾರಣಕ್ಕೆ ಕೆಲವರು ಅದನ್ನು ರಾತ್ರಿಗೆ ಹಾಕಿಕೊಳ್ಳುತ್ತಾರೆ. ಅದು ಸರಿಯಲ್ಲ. ಅಲ್ಲಿ ಎಲ್ಲವೂ ಜೋರಾಗಿ ಕೇಳುವಂತೆ ಮಾಡಿರುತ್ತಾರೆ, ಮನೆ ಮಲಗಲಿ ಎಂದು ಮಾಡಿದ್ದಲ್ಲ.

ಪ್ರತ್ಯೇಕ ದಾರಿಗಳ ಉಪಯೋಗ ಕೈಯಾರೆ ನೋಡಬೇಕೆಂದರೆ ಗ್ರ್ಯಾಂಡ್ ಥೆಫ್ಟ್ ಆಟೊ 5ರ ಮೊದಲ ದೃಶ್ಯ ಒಳ್ಳೆಯದು. ಹಿಮ ಬೀಳುವ ಲುಡೆಂಡಾರ್ಫ್ ಎಂಬ ಊರಿನಲ್ಲಿ ದರೋಡೆ ನಡೆಯುತ್ತಿರುತ್ತದೆ. ಒತ್ತೆಯಾಳುಗಳನ್ನು ಒಂದು ಕೋಣೆಗೆ ತಳ್ಳುವಾಗ ಮಾತು, ಬೆದರಿಕೆ. ಆಮೇಲೆ ಫೋನಿನಿಂದ ಕರೆ ಮಾಡಿ ತಿಜೋರಿಯ ಬಾಗಿಲನ್ನು ಸ್ಫೋಟಿಸುವುದು. ಹಣ ತುಂಬಿಕೊಂಡು ಹೊರಗೆ ಬಂದರೆ ಪೊಲೀಸರ ಜೊತೆ ಗುಂಡಿನ ಕಾಳಗ, ಅದರ ನಡುನಡುವೆ ಜೊತೆಗಾರರ ಕೂಗಾಟ. ಮಾತು ಮಾತ್ರ, ಸ್ಫೋಟ ಮಾತ್ರ, ಎರಡೂ ಕೂಡಿದ್ದು ಎಂಬ ಮೂರು ಪರೀಕ್ಷೆಯೂ ಕೆಲವೇ ನಿಮಿಷದೊಳಗೆ ಮುಗಿಯುತ್ತದೆ.

ಇದನ್ನು ರಾತ್ರಿ, ನೀವು ನಿಜವಾಗಿ ಆಡುವ ಹೊತ್ತಿಗೇ, ಫ್ಯಾನು ಹಾಕಿಕೊಂಡೇ ಮಾಡಬೇಕು. ಮೊದಲು ಸೌಂಡ್‌ಬಾರ್ ಮತ್ತು ಟಿವಿಯ ನೈಟ್ ಮೋಡ್, ಆಟೊ ವಾಲ್ಯೂಮ್ ಎಲ್ಲ ಆಫ್ ಆಗಿರಲಿ. ಒತ್ತೆಯಾಳುಗಳ ದೃಶ್ಯದ ಮಾತು ಸಲೀಸಾಗಿ ತಿಳಿಯುವವರೆಗೆ ರಿಮೋಟಿನಲ್ಲಿ ಸದ್ದು ಏರಿಸಿ. ಅಲ್ಲಿಗೆ ರಿಮೋಟಿನ ಕೆಲಸ ಮುಗಿಯಿತು, ಮತ್ತೆ ಅದನ್ನು ಮುಟ್ಟಬಾರದು. ತಿಜೋರಿಯ ಸ್ಫೋಟ ಜೋರಾಗಿಯೇ ಇರುತ್ತದೆ. ಆಟವನ್ನು ನಿಲ್ಲಿಸಿ ಸದ್ದಿನ ಮೆನುವಿಗೆ ಹೋದರೆ SFX Volume, Music Volume, Dialogue Boost ಎಂದು ಬೇರೆಬೇರೆ ಪಟ್ಟಿಗಳು ಕಾಣುತ್ತವೆ. SFX ಪಟ್ಟಿಯನ್ನು ಎರಡೆರಡು ಗೀಟು ಇಳಿಸುತ್ತ ಬನ್ನಿ, ಸಂಗೀತವನ್ನೂ ಹಾಗೆಯೇ. ನಂತರ Dialogue Boost ಅನ್ನು ಅರ್ಧದವರೆಗೆ ಏರಿಸಿ. ಈಗ ಕಾಳಗದ ನಡುವಿನ ಕೂಗಾಟಕ್ಕೆ ಕಿವಿ ಕೊಡಿ. ಜೊತೆಗಾರ ಹೇಳಿದ್ದು ಸಬ್‌ಟೈಟಲ್ ನೋಡದೆ ತಿಳಿದರೆ ಸಾಕು. ಮಾತು ತೀರ ಎದ್ದು, ಪಾತ್ರ ಬೀದಿಯಲ್ಲಲ್ಲದೆ ನಿಮ್ಮ ಕಿವಿಯ ಪಕ್ಕ ನಿಂತು ಮಾತಾಡಿದ ಹಾಗೆ ಕೇಳಿದರೆ ಏರಿಸಿದ್ದು ಹೆಚ್ಚಾಯಿತು, ಎರಡು ಗೀಟು ಇಳಿಸಿ.

ಕೊನೆಯ ತೀರ್ಪು ಸೋಫಾದ ಮೇಲೆ ಕೂತು ಕೊಡುವಂಥದ್ದಲ್ಲ. ಕಾಳಗ ನಡೆಯುವಾಗ ಕಂಟ್ರೋಲರನ್ನು ಮನೆಯ ಇನ್ನೊಬ್ಬರ ಕೈಗೆ ಕೊಟ್ಟು, ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಮಂಚದ ಬಳಿ ನಿಂತು ಕೇಳಬೇಕು. ಸದ್ದಳೆಯುವ ಮೊಬೈಲ್ ಆ್ಯಪ್ ಇದ್ದರೆ ಅದನ್ನೂ ಅಲ್ಲೇ ಹಿಡಿಯಿರಿ. ಮೊಬೈಲಿನ ಅಂಕಿ ನಿಖರವಾಗಿರುವುದಿಲ್ಲ, ಆದರೆ ಅದೇ ಫೋನು ಅದೇ ಜಾಗದಲ್ಲಿ ಮೊದಲು ತೋರಿಸಿದ್ದಕ್ಕೂ ಈಗ ತೋರಿಸುವುದಕ್ಕೂ ಇರುವ ವ್ಯತ್ಯಾಸವನ್ನು ನಂಬಬಹುದು. ನಮಗೆ ಬೇಕಾದದ್ದು ಅದಷ್ಟೇ.

ಪಟ್ಟಿ ಇಳಿಸುವುದಕ್ಕೂ ನೈಟ್ ಮೋಡಿಗೂ ವ್ಯತ್ಯಾಸ ಇದೆ ಎಂಬುದು ನೆನಪಿರಲಿ. SFX ಇಳಿಸಿದರೆ ಸ್ಫೋಟದ ಜೊತೆಗೆ ಹೆಜ್ಜೆ ಸಪ್ಪಳ, ಬಾಗಿಲ ಸದ್ದು, ಮಳೆ, ಎಲ್ಲವೂ ಅಷ್ಟೇ ಇಳಿಯುತ್ತವೆ. ಕಂಪ್ರೆಸರ್ ಇರುವ ನೈಟ್ ಮೋಡ್ ಜೋರಿನದನ್ನು ಮಾತ್ರ ಒತ್ತಿ ಹೆಜ್ಜೆ ಸಪ್ಪಳವನ್ನು ಉಳಿಸುತ್ತದೆ. ಆದ್ದರಿಂದ ಆಟದಲ್ಲಿ ಎರಡೂ ಇದ್ದರೆ ಮೊದಲು ನೈಟ್ ಮೋಡ್ ಅಥವಾ ಕಿರಿದಾದ ಡೈನಾಮಿಕ್ ರೇಂಜ್ ಹಾಕಿ, ಆಮೇಲೂ ಉಳಿದ ಕೊರತೆಗೆ ಮಾತ್ರ ಪಟ್ಟಿಗಳನ್ನು ಮುಟ್ಟುವುದು ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ ಮಾತು ಮಂಕಾಗಿಯೇ ಇದ್ದರೆ ದೋಷ ಕನ್ಸೋಲಿನ ಔಟ್‌ಪುಟ್‌ನಲ್ಲಿರಬಹುದು. 5.1 ಅಥವಾ 7.1 ಚಾನೆಲ್ಲಿನ ಸದ್ದಿನಲ್ಲಿ ಕಥೆಯ ಮುಖ್ಯ ಮಾತುಗಳು ಹೆಚ್ಚಾಗಿ ನಡುವಿನ ಸ್ಪೀಕರಿನಿಂದ ಬರುತ್ತವೆ. ನಿಮ್ಮಲ್ಲಿರುವುದು ಎರಡೇ ಸ್ಪೀಕರಿನ ಟಿವಿ, ಕನ್ಸೋಲ್ ಮಾತ್ರ ದೊಡ್ಡ ಸೆಟ್ಟಿದೆಯೆಂದು ತಿಳಿದು ಸದ್ದು ಕಳಿಸುತ್ತಿದ್ದರೆ, ಆ ನಡುವಿನ ಪಾಲನ್ನು ಎಡಬಲಕ್ಕೆ ಹಂಚುವ ಕೆಲಸ ಟಿವಿಯ ಪಾಲಿಗೆ ಬೀಳುತ್ತದೆ. ಅದು ಎಲ್ಲ ಟಿವಿಗಳಲ್ಲೂ ಚೆನ್ನಾಗಿ ಆಗುವುದಿಲ್ಲ, ಮಾತೇ ಮೊದಲು ಸೊರಗುತ್ತದೆ. ಪ್ಲೇಸ್ಟೇಷನ್ 5ರಲ್ಲಿ Settings, Sound, Audio Output ಎಂದು ಒಳಗೆ ಹೋಗಿ HDMI Device Type ಎಂಬಲ್ಲಿ TV ಎಂದು ಹೇಳಿ. ಎಕ್ಸ್‌ಬಾಕ್ಸಿನಲ್ಲಿ Settings, General, Volume & audio output ಎಂಬಲ್ಲಿ HDMI ಆಡಿಯೊವನ್ನು Stereo uncompressed ಮಾಡಿ. ಎಡ ಬಲದ ಹಂಚಿಕೆಯನ್ನು ಆಗ ಕನ್ಸೋಲೇ ಮಾಡುತ್ತದೆ.

ಎಕ್ಸ್‌ಬಾಕ್ಸ್ ಇರುವವರು ಇನ್ನೊಂದು ಸಂಗತಿ ಗಮನಿಸಬೇಕು. ಅದರ ಸೆಟ್ಟಿಂಗ್ಸ್‌ನಲ್ಲಿ Night mode ಎಂಬುದು ಎದ್ದು ಕಾಣುವಂತೆ ಇದೆ. 2021ರಲ್ಲಿ ಬಂದ ಆ ಸೌಲಭ್ಯ ಪರದೆಯ ಬೆಳಕು ತಗ್ಗಿಸುವುದಕ್ಕೆ, ನೀಲಿ ಬೆಳಕು ಕಡಿಮೆ ಮಾಡುವುದಕ್ಕೆ, ಕನ್ಸೋಲ್ ಮತ್ತು ಕಂಟ್ರೋಲರಿನ ದೀಪ ಮಂಕಾಗಿಸುವುದಕ್ಕೆ ಇರುವಂಥದ್ದು. ಸದ್ದಿಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ಹಾಕಿ ನೈಟ್ ಮೋಡ್ ಕೆಲಸ ಮಾಡುತ್ತಿಲ್ಲವೆಂದು ಕೈಬಿಟ್ಟವರು ಒಮ್ಮೆ ಆಟದೊಳಗಿನ ಸದ್ದಿನ ಮೆನು ತೆರೆದು ನೋಡಲಿ.

ಸೌಂಡ್‌ಬಾರ್ ಅಥವಾ ದೊಡ್ಡ ಆಂಪ್ಲಿಫೈಯರ್ ಇರುವ ಮನೆಗಳಲ್ಲಿ ಇನ್ನೊಂದು ಗೊಂದಲ ಏಳುತ್ತದೆ. ನೈಟ್ ಮೋಡ್ ಬಟನ್ ಒತ್ತಿದರೆ ಸಿನಿಮಾ ನೋಡುವಾಗ ಸದ್ದು ತಗ್ಗುತ್ತದೆ, ಆಟ ಆಡುವಾಗ ಏನೂ ಆಗುವುದಿಲ್ಲ. ಕೆಲವು ಆಂಪ್ಲಿಫೈಯರುಗಳ ನೈಟ್ ಮೋಡ್ ಡಾಲ್ಬಿ ಸದ್ದಿನ ಜೊತೆಯಲ್ಲೇ ಬರುವ ಸೂಚನೆಗಳನ್ನು ಓದಿ ಕೆಲಸ ಮಾಡುತ್ತದೆ. ಎಲ್ಲಿ ಎಷ್ಟು ತಗ್ಗಿಸಬೇಕು ಎಂಬುದು ಆ ಸೂಚನೆಗಳಲ್ಲಿರುತ್ತದೆ. ಕನ್ಸೋಲ್ ಸದ್ದನ್ನು ಪಿಸಿಎಂ ರೂಪದಲ್ಲಿ ಕಳಿಸುತ್ತಿದ್ದರೆ ಅಂಥ ಸೂಚನೆಗಳೇ ಇರುವುದಿಲ್ಲ, ಬಟನ್ ಒತ್ತಿದರೂ ಆಂಪ್ಲಿಫೈಯರಿಗೆ ಮಾಡುವುದಕ್ಕೇನೂ ಇರುವುದಿಲ್ಲ. ಕನ್ಸೋಲಿನ ಮೆನುವಿನಲ್ಲಿ ಸದ್ದಿನ ರೂಪವನ್ನು Linear PCMನಿಂದ ಡಾಲ್ಬಿಗೆ ಬದಲಾಯಿಸಿ ನೋಡಿದರೆ ನಿಮ್ಮದು ಈ ಜಾತಿಯದೇ ಎಂದು ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಬಂದ ಸದ್ದನ್ನೇ ನೇರವಾಗಿ ಅಳೆದು ಒತ್ತುವ ಸೌಂಡ್‌ಬಾರುಗಳಲ್ಲಿ ಈ ತೊಂದರೆ ಇರುವುದಿಲ್ಲ.

ಆಟದಲ್ಲಿ ನೈಟ್ ಮೋಡ್ ಇಲ್ಲದಿದ್ದಾಗ ಸೌಂಡ್‌ಬಾರಿನದನ್ನು ಹಾಕಿಕೊಳ್ಳುವುದರಲ್ಲಿ ತಪ್ಪಿಲ್ಲ. ಎರಡನ್ನೂ ಒಟ್ಟಿಗೆ ಹಾಕಬಾರದು, ಅದರ ಮೇಲೆ ಟಿವಿಯ ಆಟೊ ವಾಲ್ಯೂಮ್ ಅಂತೂ ಬೇಡವೇ ಬೇಡ. ಆಟ ಒತ್ತಿ ಕಳಿಸಿದ್ದನ್ನು ಸೌಂಡ್‌ಬಾರ್ ಮತ್ತೊಮ್ಮೆ ಒತ್ತುತ್ತದೆ. ಸದ್ದಿಲ್ಲದ ಹೊತ್ತಿನಲ್ಲಿ ಟಿವಿಯ ಆಟೊ ವಾಲ್ಯೂಮ್ ‘ಸದ್ದು ಕಡಿಮೆಯಾಯಿತು’ ಎಂದು ನಿಧಾನವಾಗಿ ಏರಿಸಿಕೊಂಡು ಹೋಗುತ್ತದೆ. ಪಾತ್ರ ಮೌನ ಮುರಿದು ಆಡುವ ಮೊದಲ ಮಾತು ಆಗ ಕಿರುಚಿದ ಹಾಗೆ ಬರುತ್ತದೆ.

ಹೀಗೆ ಎರಡೆರಡು ಸಲ ಒತ್ತಲಾಗುತ್ತಿದೆಯೇ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಆಟದಲ್ಲಿ ಮಳೆ ಸುರಿಯುವ ಜಾಗದಲ್ಲೋ ಜಲಪಾತದ ಬಳಿಯೋ ನಿಂತುಕೊಳ್ಳಿ. ಮಳೆಯ ಸದ್ದು ಏರಿಳಿತವಿಲ್ಲದೆ ಒಂದೇ ಸಮ ಇರುತ್ತದೆ. ಒಂದು ಗುಂಡು ಹಾರಿಸಿ, ಗುಂಡನ್ನು ಬಿಟ್ಟು ಮಳೆಯ ಕಡೆಗೇ ಕಿವಿ ಇಡಿ. ಗುಂಡಿನ ಹೊತ್ತಿಗೆ ಮಳೆ ತುಸು ಹಿಂದೆ ಸರಿದು ಕೂಡಲೇ ಬಂದರೆ ಸರಿಯಾಗಿದೆ, ಒಳ್ಳೆಯ ಆಟ ತಾನಾಗಿಯೇ ಅಷ್ಟನ್ನು ಮಾಡುತ್ತದೆ. ಮಳೆ ಥಟ್ಟನೆ ನಿಂತಂತಾಗಿ, ಒಂದೆರಡು ಸೆಕೆಂಡು ಹಿಡಿದು, ಯಾರೋ ಬಟನ್ ತಿರುಗಿಸಿದ ಹಾಗೆ ಮೆಲ್ಲನೆ ಏರಿ ಬಂದರೆ ಹೆಚ್ಚಿನ ಕಂಪ್ರೆಸರ್ ಒಂದು ಎಲ್ಲೋ ಆನ್ ಆಗಿದೆ. ಟಿವಿಯದನ್ನು ಮೊದಲು ತೆಗೆಯಿರಿ, ಹೋಗದಿದ್ದರೆ ಸೌಂಡ್‌ಬಾರಿನದು. ಆಟದ್ದನ್ನು ಕೊನೆಯವರೆಗೂ ಉಳಿಸಿಕೊಳ್ಳಿ.

ಹಳೆಯ ಆಂಪ್ಲಿಫೈಯರ್ ಜೋಡಿಸಿಕೊಂಡವರು ಅದರ ಮೇಲಿನ Loudness ಬಟನ್ ಬಗ್ಗೆ ಎಚ್ಚರವಾಗಿರಬೇಕು. ಸದ್ದು ಕಡಿಮೆಯಾದಷ್ಟೂ ನಮ್ಮ ಕಿವಿಗೆ ಮಂದ್ರದ ಸ್ವರಗಳು ಹೆಚ್ಚು ಬೇಗ ಮಾಯವಾಗುತ್ತವೆ. ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದು ಪ್ರಕಟಿಸಿದ್ದರು. ಆ ಕೊರತೆ ತುಂಬಲು ಈ ಬಟನ್ ಬಾಸ್ ಸ್ವರಗಳನ್ನು ಎತ್ತಿಕೊಡುತ್ತದೆ. ಮೆಲ್ಲಗೆ ಹಾಡು ಕೇಳುವುದಕ್ಕೆ ಅದು ಚೆನ್ನ. ರಾತ್ರಿಯ ಆಟಕ್ಕೆ ಅದೇ ಶತ್ರು, ಏಕೆಂದರೆ ಸ್ಫೋಟದ ಬಲವೆಲ್ಲ ಇರುವುದು ಬಾಸ್‌ನಲ್ಲೇ, ಗೋಡೆ ದಾಟಿ ಹೋಗುವುದೂ ಅದೇ.

ನೈಟ್ ಮೋಡಿನಿಂದ ಕಳೆದುಕೊಳ್ಳುವುದೂ ಇದೆ. ಒಂದು ಸದ್ದು ಎಷ್ಟು ದೂರದಿಂದ ಬಂತೆಂದು ನಾವು ಅಂದಾಜು ಮಾಡುವುದು ಬಹುಮಟ್ಟಿಗೆ ಅದರ ಜೋರಿನಿಂದ. ಅಂತರ ಕುಗ್ಗಿದ ಮೇಲೆ ಪಕ್ಕದ ಕೋಣೆಯ ಗುಂಡಿಗೂ ಬೀದಿಯಾಚೆಯ ಗುಂಡಿಗೂ ಸದ್ದಿನಲ್ಲಿ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಇತ್ತ ಮೆಲ್ಲಗಿನ ಹೆಜ್ಜೆ ಸಪ್ಪಳ ಎದ್ದು ಕೇಳುತ್ತದೆ. ಹಾಗಾಗಿ ಆನ್‌ಲೈನ್ ಪಂದ್ಯ ಆಡುವವರಲ್ಲಿ ಕೆಲವರು ಎದುರಾಳಿಯ ಹೆಜ್ಜೆ ಕೇಳಲೆಂದೇ ಹಗಲಲ್ಲೂ ನೈಟ್ ಮೋಡ್ ಹಾಕಿಕೊಳ್ಳುತ್ತಾರೆ. ಹೆಜ್ಜೆ ಇದೆಯೆಂದು ಅವರಿಗೆ ತಿಳಿಯುತ್ತದೆ, ಎಷ್ಟು ದೂರದಲ್ಲಿದೆ ಎಂಬ ಅಂದಾಜು ಮಾತ್ರ ಕೈತಪ್ಪುತ್ತದೆ. ಭಯದ ಆಟಗಳಲ್ಲಿ ಇದರ ನಷ್ಟ ಇನ್ನೂ ಹೆಚ್ಚು. ದೀರ್ಘ ಮೌನದ ನಂತರ ಬೀಳುವ ಒಂದು ಬಡಿತದ ಮೇಲೆ ನಿಂತ ದೃಶ್ಯಕ್ಕೆ ಕಂಪ್ರೆಸರ್ ಅನ್ಯಾಯ ಮಾಡುತ್ತದೆ. ಅಂಥ ಆಟಕ್ಕೆ ಹೆಡ್‌ಫೋನ್ ಮೇಲು. ಪ್ಲೇಸ್ಟೇಷನ್ 5ರ ಕಂಟ್ರೋಲರಿನಲ್ಲೇ ಸಾಮಾನ್ಯ ಇಯರ್‌ಫೋನಿನ ಪಿನ್ನಿಗೆ ಜಾಗವಿದೆ. ಡೈನಾಮಿಕ್ ರೇಂಜನ್ನು ಪೂರ್ತಿ ಬಿಟ್ಟುಕೊಂಡು, ಮನೆಯವರನ್ನೂ ಎಬ್ಬಿಸದೆ ಆಡಬಹುದು.

ಸ್ಪೀಕರಿನಲ್ಲೇ ಆಡುವವರಿಗೆ ಕೊನೆಗೆ ಉಳಿಯುವುದು ಸಬ್‌ವೂಫರಿನ ಪ್ರಶ್ನೆ, ಇದನ್ನು ಯಾವ ನೈಟ್ ಮೋಡೂ ಪೂರ್ತಿ ಬಗೆಹರಿಸುವುದಿಲ್ಲ. 50 ಹರ್ಟ್ಜ್‌ನ ಒಂದು ಅಲೆ ಸುಮಾರು ಏಳು ಮೀಟರ್ ಉದ್ದ. ಮಾತಿನ ಸ್ವರಗಳನ್ನು ತಡೆಯುವ ಇಟ್ಟಿಗೆ ಗೋಡೆ, ಮರದ ಬಾಗಿಲು ಇದನ್ನು ಅಷ್ಟಾಗಿ ತಡೆಯಲಾರವು. ನೆಲದ ಮೇಲೆ ಕೂರಿಸಿದ ಸಬ್‌ವೂಫರ್ ನೆಲವನ್ನೇ ಅಲುಗಿಸಿದರೆ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯ ಚಾವಣಿಯಿಂದ ಅದು ಹೊರಡುತ್ತದೆ. ಆಡುವವರಿಗೆ ಹಿತವಾಗಿ ಕೇಳುವ ಸ್ಫೋಟವೇ ಕೆಳಗಿನವರಿಗೆ ಗುಮ್ಮೆಂಬ ಬಡಿತ. ದಪ್ಪ ರಬ್ಬರ್ ಇಲ್ಲವೇ ಫೋಮಿನ ಹಾಸು ಹಾಕಿದರೆ ನೆಲದ ಮೂಲಕ ಹೋಗುವ ಪಾಲು ಒಂದಿಷ್ಟು ಕಡಿಮೆಯಾಗುತ್ತದೆ, ಗಾಳಿಯಲ್ಲಿ ಹೋಗುವುದು ಹಾಗೇ ಇರುತ್ತದೆ. ಮಾತಿಗೆ ಸಬ್‌ವೂಫರಿನಿಂದ ಆಗಬೇಕಾದ್ದು ಹೆಚ್ಚೇನೂ ಇಲ್ಲ. ಗಂಡಸಿನ ತಗ್ಗು ದನಿಯೂ ಸಾಮಾನ್ಯವಾಗಿ 85 ಹರ್ಟ್ಜ್‌ನಿಂದ ಮೇಲಕ್ಕೇ ಇರುತ್ತದೆ, ಮಾತಿನ ಸ್ಪಷ್ಟತೆ ಇರುವುದಂತೂ ಒಂದು ಸಾವಿರ ಹರ್ಟ್ಜ್‌ನ ಮೇಲೆ. ಆದ್ದರಿಂದ ರಾತ್ರಿ ಹತ್ತರ ಮೇಲೆ ಸೌಂಡ್‌ಬಾರಿನ ರಿಮೋಟಿನಲ್ಲಿ ಸಬ್‌ವೂಫರಿನ ಮಟ್ಟವನ್ನು ಕನಿಷ್ಠಕ್ಕೆ ತಂದುಬಿಡಿ, ಅದು ಬೇರೆಯದೇ ಡಬ್ಬಿಯಾಗಿದ್ದರೆ ಪ್ಲಗ್ಗೇ ತೆಗೆಯಿರಿ. ಪ್ಲಗ್ ತೆಗೆದ ಮೇಲೆ ತಿಜೋರಿಯ ದೃಶ್ಯವನ್ನು ಇನ್ನೊಮ್ಮೆ ಆಡಿ, SFX ಪಟ್ಟಿಯನ್ನು ಒಂದೆರಡು ಗೀಟು ಮೇಲಕ್ಕೆ ತರಲು ಜಾಗ ಸಿಗುತ್ತದೆಯೇ ನೋಡಿ. ಹೆಚ್ಚಿನ ಮನೆಗಳಲ್ಲಿ ಸಿಗುತ್ತದೆ.